ಮೈನ್ ಆಫ್ ಇತ್ತು, ಹಾಗಾದ್ರೆ ಶಾರ್ಟ್ ಸರ್ಕ್ಯೂಟ್ ಹೇಗಾಯ್ತು?

ನಾನು ಓದಿದ್ದು ಎಲೆಕ್ಟ್ರಿಕಲ್. ಕೆಲಸ ಮಾತ್ರ ಬೆಂಕಿ ಬಿದ್ದ ಜಾಗಗಳ ಸರ್ವೇ. ವಿಮೆ ಕ್ಲೇಮ್ ಬಂದಾಗ ಜಾಗಕ್ಕೆ ಹೋಗಿ ಬೆಂಕಿ ಎಲ್ಲಿ ಶುರುವಾಯಿತು, ಯಾಕೆ ಶುರುವಾಯಿತು, ನಷ್ಟ ಎಷ್ಟು ಅಂತ ನೋಡಿ ವರದಿ ಕೊಡುತ್ತೇನೆ. ಇಲ್ಲಿ ಹೇಳುತ್ತಿರುವುದು ಒಂದು ಪೇಪರ್ ಪ್ಯಾಕಿಂಗ್ ಘಟಕದ ಕಥೆ. ಎರಡು ಕಾಗದಗಳು ಒಂದಕ್ಕೊಂದು ಹೊಂದದೆ ಆ ಕ್ಲೇಮ್ ಮುಳುಗುವ ಹಂತಕ್ಕೆ ಬಂದಿತ್ತು.

ಮೊದಲನೆಯದು ಅಗ್ನಿಶಾಮಕ ದಳದ ವರದಿ. ಕಾರಣದ ಜಾಗದಲ್ಲಿ 'ಎಲೆಕ್ಟ್ರಿಕಲ್ ಶಾರ್ಟ್ ಸರ್ಕ್ಯೂಟ್ ಇರಬಹುದು' ಅಂತ ಬರೆದಿತ್ತು. ಎರಡನೆಯದು ಮಾಲೀಕರ ಹೇಳಿಕೆ. 'ದಿನಾ ರಾತ್ರಿ ಮನೆಗೆ ಹೋಗುವಾಗ ಮೈನ್ ಆಫ್ ಮಾಡಿಯೇ ಹೋಗ್ತೀನಿ, ಅವತ್ತೂ ಮಾಡಿದ್ದೆ' ಅಂದಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಬರುವ ಪ್ರಶ್ನೆ ಒಂದೇ. ಕರೆಂಟೇ ಇಲ್ಲದ ಕಡೆ ಶಾರ್ಟ್ ಸರ್ಕ್ಯೂಟ್ ಹೇಗಾಗುತ್ತೆ? ವಿಮೆ ಕಂಪನಿಯವರೂ ಅದನ್ನೇ ಕೇಳಿದರು. ಬೆಂಕಿ ಯಾರೋ ಹಚ್ಚಿದ್ದು ಅನ್ನುವ ಅನುಮಾನ ಅಲ್ಲಿಂದ ಶುರುವಾಯಿತು.

ಅದಕ್ಕೆ ಇನ್ನೊಂದು ವಿಷಯ ಸೇರಿಕೊಂಡಿತು. ದಳದ ವರದಿ ಪ್ರಕಾರ ಕರೆ ಬಂದಿದ್ದು 2:14ಕ್ಕೆ, ವಾಹನ ತಲುಪಿದ್ದು 2:31ಕ್ಕೆ. ಆದರೆ ಸಿಸಿಟಿವಿ ರೆಕಾರ್ಡಿಂಗ್‌ನಲ್ಲಿ ಮೊದಲ ಹೊಗೆ ಕಾಣಿಸಿದ್ದು 2:16ಕ್ಕೆ. ಹೊಗೆ ಬರೋಕೆ ಎರಡು ನಿಮಿಷ ಮುಂಚೆಯೇ ಯಾರೋ ಬೆಂಕಿ ಅಂತ ಫೋನ್ ಮಾಡಿದ್ದಾರೆ ಅಂದರೆ ಏನರ್ಥ? ಫೈಲ್ ನನ್ನ ಕೈಗೆ ಬಂದಾಗ ಅದರ ಮೇಲೆ ಈ ಪ್ರಶ್ನೆಯನ್ನ ಕೆಂಪು ಪೆನ್ನಿನಲ್ಲಿ ಬರೆದಿದ್ದರು.

ದಳದ ವರದಿಯನ್ನ ನಾನು ಓದುವ ಕ್ರಮವೇ ಬೇರೆ. ಬಹಳ ಜನ ಮೊದಲು ಕಾರಣದ ಸಾಲಿಗೆ ಹೋಗುತ್ತಾರೆ. ನಾನು ಅದನ್ನ ಕೊನೆಗೆ ನೋಡುತ್ತೇನೆ. ದಳದವರ ಕೆಲಸ ಬೆಂಕಿ ಆರಿಸುವುದು. ಕತ್ತಲಲ್ಲಿ, ನೀರಲ್ಲಿ, ಹೊಗೆಯಲ್ಲಿ ಕೆಲಸ ಮುಗಿಸಿ ಹೊರಡುವಾಗ ಬೇರೆ ಕಾರಣ ಕಾಣದಿದ್ದರೆ, ಸುಟ್ಟ ವೈರ್ ಕಣ್ಣಿಗೆ ಬಿದ್ದರೆ, ಆ ಸಾಲು ಬರುತ್ತೆ. ಅದು ಊಹೆ, ಅವರೂ 'ಇರಬಹುದು' ಅಂತಲೇ ಬರೆದಿರುತ್ತಾರೆ. ಆದರೆ ಅವರು ಕಣ್ಣಾರೆ ಕಂಡಿದ್ದು ಬೇರೆ ಯಾರ ಬಳಿಯೂ ಸಿಗಲ್ಲ. ಶಟರ್ ಬೀಗ ಹಾಕಿತ್ತಾ? ಒಳಗೆ ಹೋದಾಗ ಜ್ವಾಲೆ ಯಾವ ಮೂಲೆಯಲ್ಲಿತ್ತು? ಬೆಂಕಿ ಒಂದೇ ಕಡೆ ಇತ್ತಾ, ಬೇರೆ ಬೇರೆ ಕಡೆ ಇತ್ತಾ? ಕರೆಂಟ್ ಯಾರು ತೆಗೆದರು, ಎಷ್ಟು ಗಂಟೆಗೆ? ನನಗೆ ಬೇಕಾಗುವುದು ಇವು.

ಇವುಗಳಲ್ಲಿ ಅರ್ಧ ವರದಿಯಲ್ಲಿ ಇರಲಿಲ್ಲ. ಹಾಗಾಗಿ ಅಗ್ನಿಶಾಮಕ ಠಾಣೆಗೆ ಹೋಗಿ ಆ ರಾತ್ರಿ ತಂಡ ನಡೆಸಿದ ಅಧಿಕಾರಿಯ ಜೊತೆ ಕೂತು ಮಾತಾಡಿದೆ. ಶಟರ್‌ಗೆ ಹೊರಗಿನಿಂದ ಬೀಗ ಇತ್ತು, ಅದನ್ನ ಕತ್ತರಿಸಿದ್ದು ಅವರೇ. ಮೆಷಿನ್ ಇದ್ದ ಮುಂದಿನ ಹಾಲ್‌ನಲ್ಲಿ ಹೊಗೆ ಮಾತ್ರ ಇತ್ತು, ಜ್ವಾಲೆ ಇದ್ದಿದ್ದು ಹಿಂದಿನ ಸ್ಟೋರ್ ರೂಮ್‌ನ ಎಡಗೋಡೆ ಕಡೆ. ಬಾಗಿಲ ಹತ್ತಿರದ ದೊಡ್ಡ ಸ್ವಿಚ್ ಆಗಲೇ ಆಫ್ ಇತ್ತು, ಅವರು ಮುಟ್ಟಿಲ್ಲ. ಕೊನೆಯ ಮಾತು ನನಗೆ ಬಹಳ ಮುಖ್ಯ. ಸ್ವಿಚ್ ಆಫ್ ಆಗಿ ಸಿಕ್ಕಿದರೆ ಅದನ್ನ ಮಾಲೀಕರು ಆಫ್ ಮಾಡಿದ್ದಾ, ಫೈರ್‌ಮನ್ ಮಾಡಿದ್ದಾ, ಅಥವಾ ಅದೇ ಟ್ರಿಪ್ ಆಗಿದ್ದಾ ಅಂತ ಗೊತ್ತಿಲ್ಲದೆ ಅದರಿಂದ ಏನೂ ಹೇಳೋಕಾಗಲ್ಲ. ಇಲ್ಲಿ ಹಿಡಿ ಪೂರ್ತಿ ಕೆಳಗಿತ್ತು. ಆ ಬಗೆಯ ದೊಡ್ಡ ಬ್ರೇಕರ್ ತಾನಾಗಿ ಟ್ರಿಪ್ ಆದರೆ ಹಿಡಿ ನಡುವೆ ನಿಲ್ಲುತ್ತೆ. ಅಂದರೆ ಕೈಯಿಂದಲೇ ಆಫ್ ಮಾಡಿದ್ದು. ಮಾಲೀಕರು ನಿಜ ಹೇಳಿದ್ದರು.

ಮತ್ತೆ ಕರೆಂಟ್ ಎಲ್ಲಿಂದ ಬಂತು? ಬೋರ್ಡ್ ಬಿಚ್ಚಿಸಿ ವೈರ್‌ಗಳನ್ನ ಒಂದೊಂದಾಗಿ ಹಿಡಿದು ನೋಡಿದೆ. ಮಾಲೀಕರು 'ಮೈನ್' ಅನ್ನುತ್ತಿದ್ದದ್ದು ಮೆಷಿನ್‌ಗಳ ಮೈನ್. ಅದಕ್ಕಿಂತ ಮುಂಚೆಯೇ, ಮೀಟರ್ ಕಡೆಯಿಂದ, ಒಂದು ಲೈನ್ ಬೇರೆಯಾಗಿ ಹೋಗಿತ್ತು. ಕ್ಯಾಮೆರಾ ರಾತ್ರಿಯೂ ಓಡಬೇಕು ಅಲ್ವಾ, ಅದಕ್ಕಾಗಿ ಎಳೆಸಿದ್ದು. ಅದೇ ಲೈನ್‌ನಿಂದ ಸ್ಟೋರ್ ರೂಮ್‌ನಲ್ಲಿ ಒಂದು ಸಾಕೆಟ್‌ಗೂ ಕೊಟ್ಟಿದ್ದರು. ಕಾಗದ ತೇವ ಹಿಡಿಯದ ಹಾಗೆ ರಾತ್ರಿಯಿಡೀ ಓಡುವ, ಗಾಳಿಯ ತೇವ ಎಳೆಯುವ ಮೆಷಿನ್ ಅದರಲ್ಲಿತ್ತು. ಮಾಲೀಕರಿಗೆ ಇದು ನೆನಪೇ ಇರಲಿಲ್ಲ. ಅವರ ಲೆಕ್ಕದಲ್ಲಿ ಮೈನ್ ಅಂದರೆ ಬಾಗಿಲ ಪಕ್ಕದ ಆ ಒಂದು ಹಿಡಿ.

ಲೈನ್ ಇತ್ತು ಅಂದಮಾತ್ರಕ್ಕೆ ಆ ರಾತ್ರಿ ಅದರಲ್ಲಿ ಕರೆಂಟ್ ಇತ್ತು ಅಂತ ಆಗಲ್ಲ. ಅದನ್ನ ತೋರಿಸಿದ್ದು ತಾಮ್ರ. ತಾಮ್ರ ಕರಗೋಕೆ ಸುಮಾರು 1085 ಡಿಗ್ರಿ ಸೆಲ್ಸಿಯಸ್ ಬೇಕು. ಬೆಂಕಿಯ ಶಾಖಕ್ಕೇ ಕರಗಿದ ವೈರ್ ಉದ್ದಕ್ಕೂ ಸವೆದ ಹಾಗೆ, ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ, ಕೆಳಗೆ ಜೋತುಬಿದ್ದ ಹನಿಗಳ ಹಾಗೆ ಕಾಣುತ್ತೆ. ಆರ್ಕ್ ಆದ ಕಡೆ, ಅಂದರೆ ಕರೆಂಟ್ ಕಿಡಿಯಾಗಿ ಹಾರಿದ ಕಡೆ, ಹಾಗಲ್ಲ. ತುದಿಯಲ್ಲಿ ಒಂದು ಪುಟ್ಟ ಗುಂಡು ಮಣಿ, ಅದರ ಪಕ್ಕದಲ್ಲೇ ಕರಗದ ತಾಮ್ರ, ನಡುವೆ ಗೆರೆ ಎಳೆದ ಹಾಗೆ ವ್ಯತ್ಯಾಸ. ಇಲ್ಲಿ ಒಂದು ಮೋಸವೂ ಇದೆ. ಕರಗಿದ ಅಲ್ಯೂಮಿನಿಯಂ ತಾಮ್ರದ ಮೇಲೆ ಬಿದ್ದರೆ ಎರಡೂ ಬೆರೆತು ಬಹಳ ಕಡಿಮೆ ಶಾಖದಲ್ಲೇ, 550 ಡಿಗ್ರಿ ಆಸುಪಾಸಲ್ಲೇ, ತಾಮ್ರವನ್ನ ತಿಂದುಬಿಡುತ್ತೆ. ನೋಡೋಕೆ ಆರ್ಕ್ ಆದ ಹಾಗೇ ಇರುತ್ತೆ. ಬಣ್ಣ ಬೆಳ್ಳಗಾಗಿ, ಬಗ್ಗಿಸಿದರೆ ಪಟ್ ಅಂತ ಮುರಿದರೆ ಅಲ್ಯೂಮಿನಿಯಂ ಬೆರೆತಿದೆ ಅಂತ ಅನುಮಾನ ಪಡಬೇಕು. ನಾನು ಮೊದಲು ನೋಡಿದ್ದು ಮೇಲೆ ಅಲ್ಯೂಮಿನಿಯಂ ಏನಾದರೂ ಇತ್ತಾ ಅಂತ. ಇರಲಿಲ್ಲ.

ಆ ಲೈನ್‌ನಲ್ಲಿ ಮಣಿ ಎರಡು ಕಡೆ ಸಿಕ್ಕವು. ಒಂದು ಸಾಕೆಟ್‌ಗಿಂತ ಸುಮಾರು 40 ಸೆಂಟಿಮೀಟರ್ ಮೇಲೆ. ಇನ್ನೊಂದು ಸೂರಿನ ಹತ್ತಿರ, ಬೋರ್ಡ್ ಕಡೆಗೆ, ಅಲ್ಲಿ ವೈರ್ ಪೂರ್ತಿ ತುಂಡಾಗಿತ್ತು. ಕರೆಂಟ್ ಬೋರ್ಡ್‌ನಿಂದ ಸಾಕೆಟ್ ಕಡೆಗೆ ಹರಿಯುತ್ತೆ. ಮೇಲಿನ ವೈರ್ ಮೊದಲೇ ತುಂಡಾಗಿದ್ದರೆ ಅದರಾಚೆಗೆ ಕರೆಂಟೇ ಇರಲ್ಲ, ಕೆಳಗೆ ಆರ್ಕ್ ಆಗೋ ಸಾಧ್ಯತೆಯೇ ಇಲ್ಲ. ಹಾಗಾಗಿ ಕೆಳಗಿನದು ಮೊದಲು ಆಗಿದೆ, ಬೆಂಕಿ ಸಾಕೆಟ್ ಕಡೆಯಿಂದ ಮೇಲಕ್ಕೆ ಏರಿದೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ತಪ್ಪಾಗುತ್ತೆ. ಮಣಿ ಸಿಕ್ಕಿತು, ಕಾರಣ ಸಿಕ್ಕಿತು ಅಂತ ಬರೆದ ವರದಿಗಳನ್ನ ಬಹಳ ನೋಡಿದ್ದೇನೆ. ಮಣಿ ಹೇಳೋದು ಇಷ್ಟೇ: ಬೆಂಕಿ ತಾಗಿದಾಗ ಈ ವೈರ್‌ನಲ್ಲಿ ಕರೆಂಟ್ ಇತ್ತು. ಪಕ್ಕದ ಪೇಪರ್‌ಗೆ ಯಾರಾದರೂ ಬೆಂಕಿ ಹಚ್ಚಿದ್ದರೂ ವೈರ್‌ನ ಪ್ಲಾಸ್ಟಿಕ್ ಸುಟ್ಟು ಇದೇ ಮಣಿ ಬರುತ್ತಿತ್ತು. ಮಣಿಯನ್ನ ಲ್ಯಾಬ್‌ಗೆ ಕೊಟ್ಟು 'ಇದು ಬೆಂಕಿಗೆ ಮುಂಚಿನದಾ, ಆಮೇಲಿನದಾ' ಅಂತ ಕೇಳೋಣ ಅಂತ ಕಂಪನಿಯವರು ಅಂದರು. ಆ ಪರೀಕ್ಷೆಯ ಉತ್ತರವನ್ನ ನಂಬಿ ಕ್ಲೇಮ್ ತೀರ್ಮಾನ ಮಾಡೋದು ನನಗೆ ಒಪ್ಪಿಗೆ ಇಲ್ಲ, ಹಾಗಂತ ಬರೆದುಕೊಟ್ಟೆ.

ನನಗೆ ಬೇಕಾಗಿದ್ದು ಸಾಕೆಟ್. ಅದೃಷ್ಟಕ್ಕೆ ಮಾಲೀಕರು ಕಸ ತೆಗೆಸಿರಲಿಲ್ಲ. ಬೆಂಕಿ ಆರಿದ ಮೂರನೇ ದಿನಕ್ಕೇ ಎಲ್ಲ ತೊಳೆದು ಸುಣ್ಣ ಬಳಿದಿಟ್ಟವರನ್ನೂ ನೋಡಿದ್ದೇನೆ, ಅಂಥ ಕಡೆ ನಾನು ಏನೂ ಮಾಡೋಕಾಗಲ್ಲ. ಇಲ್ಲಿ ಗೋಡೆ ಬುಡದ ಬೂದಿಯನ್ನ ಜರಡಿ ಹಿಡಿದು ಪ್ಲಗ್‌ನ ಪಿನ್‌ಗಳನ್ನ ಹುಡುಕಿದೆವು. ಎರಡು ಕರೆಂಟ್ ಪಿನ್‌ಗಳಲ್ಲಿ ಒಂದು ಬರೀ ಕಪ್ಪಾಗಿತ್ತು, ಒರೆಸಿದರೆ ಹಿತ್ತಾಳೆ ಹೊಳೆಯಿತು. ಇನ್ನೊಂದರ ಮೈ ತುಂಬ ಗುಳಿ, ಅದನ್ನ ಹಿಡಿಯುವ ಸಾಕೆಟ್‌ನ ಒಳಗಿನ ಹಲ್ಲು ಬಿಗಿ ಕಳೆದುಕೊಂಡು ಅಗಲವಾಗಿತ್ತು. ಹೊರಗಿನ ಬೆಂಕಿ ಆಗಿದ್ದರೆ ಎರಡೂ ಪಿನ್ ಒಂದೇ ಥರ ಸುಡಬೇಕಿತ್ತು. ಒಂದೇ ಪಿನ್ ಹಾಳಾಗಿದೆ ಅಂದರೆ ಶಾಖ ಅಲ್ಲೇ ಹುಟ್ಟಿದೆ. ಲೂಸ್ ಕನೆಕ್ಷನ್.

'ಹಾಗಾದ್ರೆ ಆ ಲೈನ್‌ನ ಬ್ರೇಕರ್ ಯಾಕೆ ಮೊದಲೇ ಟ್ರಿಪ್ ಆಗಲಿಲ್ಲ?' ಅಂತ ಕಂಪನಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಲೂಸ್ ಕನೆಕ್ಷನ್‌ನಲ್ಲಿ ಕರೆಂಟ್ ಜಾಸ್ತಿ ಹರಿಯಲ್ಲ. ಆ ಮೆಷಿನ್ ಎಳೆಯುತ್ತಿದ್ದದ್ದು 8 ಆಂಪ್ಸ್, ಬ್ರೇಕರ್ 16 ಆಂಪ್ಸ್‌ನದು. ಪಿನ್ ಹತ್ತಿರ 0.6 ಓಮ್ ತಡೆ ಹುಟ್ಟಿದೆ ಅಂತ ಇಟ್ಟುಕೊಳ್ಳಿ. 8 ಅನ್ನ 8ರಿಂದ, ಮತ್ತೆ 0.6ರಿಂದ ಗುಣಿಸಿದರೆ ಸುಮಾರು 38 ವ್ಯಾಟ್. ಒಂದು ಸೋಲ್ಡರಿಂಗ್ ಕಡ್ಡಿಯ ಶಾಖ. ಅದು ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಒಳಗೆ, ಗಂಟೆಗಟ್ಟಲೆ, ಎದುರಿಗೆ ಒತ್ತಿಕೊಂಡ ರಟ್ಟಿನ ಡಬ್ಬಗಳ ರಾಶಿ. ಬ್ರೇಕರ್‌ಗೆ ಇದೇನೂ ಕಾಣಿಸಲ್ಲ. ಬೆಂಕಿ ಹತ್ತಿ ವೈರ್ ಸುಟ್ಟು ನಿಜವಾದ ಶಾರ್ಟ್ ಆದಮೇಲೆ ಅದು ಟ್ರಿಪ್ ಆಗಿದೆ. ಅಂದರೆ ಶಾರ್ಟ್ ಸರ್ಕ್ಯೂಟ್ ಇಲ್ಲಿ ಕಾರಣ ಅಲ್ಲ, ಪರಿಣಾಮ.

ಉಳಿದಿದ್ದು ಕ್ಯಾಮೆರಾ ಟೈಮ್. ರೆಕಾರ್ಡರ್‌ನ ಡಬ್ಬ ಬೆಂದಿತ್ತು, ಡಿಸ್ಕ್ ಉಳಿದಿತ್ತು. ಅದರ ಗಡಿಯಾರ ಸರಿ ಇತ್ತಾ ಅಂತ ಯಾರೂ ನೋಡಿರಲಿಲ್ಲ. ಆ ಸಂಜೆಯ ದೃಶ್ಯದಲ್ಲಿ ಮಾಲೀಕರು ಫೋನ್ ಕಿವಿಗಿಟ್ಟುಕೊಂಡ ಗಳಿಗೆ ಸಿಕ್ಕಿತು, ಪರದೆ ಮೇಲೆ 8:26. ಅವರ ಫೋನ್‌ನ ಕರೆ ಪಟ್ಟಿಯಲ್ಲಿ ಅದೇ ಕರೆ 8:02. ರೆಕಾರ್ಡರ್ 24 ನಿಮಿಷ ಮುಂದಿತ್ತು! ಹಾಗೆ ತಿದ್ದಿದರೆ ಹೊಗೆ ಕಂಡಿದ್ದು 1:52ಕ್ಕೆ, ಕ್ಯಾಮೆರಾ ನಿಂತಿದ್ದು, ಅಂದರೆ ಲೈನ್ ಟ್ರಿಪ್ ಆಗಿದ್ದು, 1:55ಕ್ಕೆ. ಪಕ್ಕದ ಕಟ್ಟಡದ ಕಾವಲುಗಾರ ಹೊಗೆ ನೋಡಿ ಫೋನ್ ಮಾಡಿದ್ದು ಅದಾಗಿ 19 ನಿಮಿಷಕ್ಕೆ. ರಾತ್ರಿಯಿಡೀ ಒಳಗೆ ಒಬ್ಬರೂ ಓಡಾಡಿರಲಿಲ್ಲ.

ಇಷ್ಟನ್ನೂ ಹಿಡಿದು ಠಾಣೆಗೆ ಒಂದು ಪತ್ರ ಬರೆದೆ. ವರದಿ ಬದಲಿಸಿ ಅಂತ ನಾನು ಯಾವತ್ತೂ ಕೇಳಲ್ಲ, ಕೇಳಬಾರದು ಕೂಡ. ಕಾರಣದ ಸಾಲು ಪರೀಕ್ಷೆ ಮಾಡಿ ಬರೆದಿದ್ದಾ ಅಥವಾ ಊಹೆಯಾ, ಜ್ವಾಲೆ ಎಲ್ಲಿ ಕಂಡಿತು, ಬೀಗ ಹೇಗಿತ್ತು, ಇವನ್ನ ಸ್ಪಷ್ಟಪಡಿಸಿ ಅಂತ ಮಾತ್ರ ಕೇಳಿದೆ. ಅಧಿಕಾರಿ ಅರ್ಧ ಪುಟದ ಉತ್ತರ ಕೊಟ್ಟರು, ಊಹೆ ಅಂತ ಸ್ಪಷ್ಟವಾಗಿ ಬರೆದರು. ವರದಿಯಲ್ಲಿದ್ದ ನಷ್ಟದ ಮೊತ್ತ ಕ್ಲೇಮ್‌ನ ಮೂರನೇ ಒಂದು ಭಾಗ ಮಾತ್ರ ಇತ್ತು, ಅದನ್ನೂ ಕೇಳಿದೆ. ಆ ರಾತ್ರಿ ಮಾಲೀಕರು ಬಾಯಿಗೆ ಬಂದಿದ್ದನ್ನ ಹೇಳಿದ್ದರು, ಹಾಗೇ ಬರೆದುಕೊಂಡೆವು ಅಂದರು. ಮೊತ್ತವನ್ನ ನಾನು ಸ್ಟಾಕ್ ಪುಸ್ತಕ, ಖರೀದಿ ಬಿಲ್‌ಗಳಿಂದ ಬೇರೆಯಾಗಿಯೇ ಲೆಕ್ಕ ಹಾಕಿದೆ.

ಕೊನೆಗೆ ಪಾಲಿಸಿಯ ಮಾತು. ಅನುಮತಿ ಇಲ್ಲದೆ ಎಳೆದ ಲೈನ್, ಇದು ನಿರ್ಲಕ್ಷ್ಯ ಅಂತ ಒಂದು ಆಕ್ಷೇಪ ಬಂತು. ಪಾಲಿಸಿಯಲ್ಲಿ ರಾತ್ರಿ ಎಲ್ಲ ಲೈನ್ ಆಫ್ ಇರಬೇಕು ಅನ್ನುವ ಷರತ್ತು ಇದ್ದಿದ್ದರೆ ನನ್ನ ವರದಿಯೇ ಅವರಿಗೆ ಮುಳುವಾಗುತ್ತಿತ್ತು, ಅದನ್ನೂ ಮುಚ್ಚಿಡದೆ ಬರೆಯಬೇಕಿತ್ತು. ಪಾಲಿಸಿ, ಅರ್ಜಿ ಎರಡನ್ನೂ ಸಾಲು ಸಾಲು ಓದಿದೆ, ಅಂಥ ಷರತ್ತು ಇರಲಿಲ್ಲ. ಬೇಕಂತಲೇ ಹಚ್ಚಿದ ಬೆಂಕಿ ಬೇರೆ, ಲೂಸ್ ಪ್ಲಗ್ ಗಮನಿಸದೆ ಹತ್ತಿದ ಬೆಂಕಿ ಬೇರೆ. ಇನ್ನೊಂದು ಷರತ್ತು ಮಾತ್ರ ಇತ್ತು, ಬಹಳ ಬೆಂಕಿ ಪಾಲಿಸಿಗಳಲ್ಲಿ ಇರುತ್ತೆ: ಶಾರ್ಟ್ ಸರ್ಕ್ಯೂಟ್, ಆರ್ಕ್, ತಾನಾಗಿ ಬಿಸಿಯಾಗುವುದು ಇವುಗಳಿಂದ ಹಾಳಾದ ಆ ಒಂದು ಎಲೆಕ್ಟ್ರಿಕ್ ಸಾಮಾನಿಗೆ ದುಡ್ಡಿಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಸುಟ್ಟ ಬೇರೆ ಎಲ್ಲದಕ್ಕೂ ಇದೆ. ಕಂಪನಿಯವರು ತೇವ ಎಳೆಯುವ ಮೆಷಿನ್ನನ್ನೂ ಕಡಿತದ ಪಟ್ಟಿಗೆ ಹಾಕಿದ್ದರು. ಅದನ್ನ ಬಿಚ್ಚಿ ತೋರಿಸಿದೆ. ಹೊರಗಿನ ಕವಚ ಪೂರ್ತಿ ಸುಟ್ಟಿತ್ತು, ಒಳಗೆ ಮೋಟರ್ ಸುರುಳಿ ಮೀಟರ್‌ನಲ್ಲಿ ಸರಿ ತೋರಿಸಿತು. ಅದು ಹೊರಗಿನ ಬೆಂಕಿಗೆ ಸುಟ್ಟದ್ದು, ಒಳಗಿನ ದೋಷಕ್ಕಲ್ಲ.

ಸ್ಟಾಕ್, ಕಟ್ಟಡ, ಆ ಮೆಷಿನ್ ಎಲ್ಲಕ್ಕೂ ಕ್ಲೇಮ್ ಪಾಸಾಯಿತು. ಕಡಿತದ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದು ಒಂದೇ ಸಾಲು: ಸಾಕೆಟ್ ಒಂದು, ಪ್ಲಗ್ ಒಂದು.