ಬೆರಳು ತಪ್ಪಿದ ಪದವನ್ನು ಕೀ ನೋಡಿ ಓದುವುದು: ನನ್ನ ಅನುಭವ

ನಾನು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಸಾಮಾನ್ಯವಾಗಿ ಕೈಬರಹದ ಮೂಲ ಪಕ್ಕದಲ್ಲೇ ಇರುತ್ತದೆ. ಅನುಮಾನ ಬಂದರೆ ಅದನ್ನು ನೋಡಿದರಾಯಿತು. ಆದರೆ ಒಮ್ಮೆ ಮೂಲವೇ ಇಲ್ಲದ ಒಂದು ಫೈಲ್ ಬಂತು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ನೆನಪುಗಳನ್ನು ನೇರವಾಗಿ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದರು. ಸುಮಾರು ಎಂಬತ್ತು ಪುಟ. ತಿದ್ದುವ ಮೊದಲೇ ಅವರು ತೀರಿಕೊಂಡರು. ಅವರ ಮಗಳು ಅದನ್ನು ಪುಸ್ತಕ ಮಾಡಿಸಬೇಕು ಅಂತ ತಂದುಕೊಟ್ಟರು. "ಅಪ್ಪ ಬರೆದದ್ದೇ ಬರಬೇಕು, ನೀವು ಬರೆದದ್ದಲ್ಲ" ಅಂದರು.

ಅವರು ಹೇಳಿದ್ದು ಸರಿ. ತಪ್ಪು ಪದ ಕಂಡಾಗ ಮನಸ್ಸು ತಾನಾಗಿ ಒಂದು ಪದ ತುಂಬಿಬಿಡುತ್ತದೆ. ಅದು ಬರೆದವರ ಪದವೋ ನಮ್ಮ ಪದವೋ ಗೊತ್ತಾಗುವುದಿಲ್ಲ. ಅದಕ್ಕೇ ಪದವನ್ನು ನೋಡುವುದು ಬಿಟ್ಟು ಬೆರಳು ಒತ್ತಿದ ಕೀಗಳನ್ನು ನೋಡಲು ಶುರು ಮಾಡಿದೆ.

ಮೊದಲು ತಿಳಿಯಬೇಕಾದದ್ದು ಯಾವ ಕೀಲಿಮಣೆ ಅಂತ. ಇನ್‌ಸ್ಕ್ರಿಪ್ಟ್‌ ಅನ್ನುವ ವಿನ್ಯಾಸದಲ್ಲಿ ಕ ಮತ್ತು ತ ಅಕ್ಕಪಕ್ಕ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನುಡಿ ತಂತ್ರಾಂಶದಲ್ಲಿ ನಾವು ದಿನಾ ಬಳಸುವುದರಲ್ಲಿ, ಕ ಪಕ್ಕ ಲ ಮತ್ತು ಜ ಇವೆ. ಈ ಫೈಲಿನಲ್ಲಿ ಕ ಇರಬೇಕಾದ ಕಡೆ ಜ ಅಥವಾ ಲ ಬಿದ್ದಿತ್ತು, ತ ಒಂದು ಸಲವೂ ಬಿದ್ದಿರಲಿಲ್ಲ. ಹಾಗಾಗಿ ನುಡಿಯ ವಿನ್ಯಾಸವೇ ಅಂತ ಖಾತ್ರಿಯಾಯಿತು. ಒಂದು ರಟ್ಟಿನ ಮೇಲೆ ಹೀಗೆ ಬರೆದು ಮುಂದೆ ನಿಲ್ಲಿಸಿಕೊಂಡೆ:

```
q  w  e  r  t  y  u  i  o  p
ಟ  ಡ  ಎ  ರ  ತ  ಯ  ಉ  ಇ  ಒ  ಪ

 a  s  d  f   g  h  j  k  l
 ಅ  ಸ  ದ  ಅರ್ಧ  ಗ  ಹ  ಜ  ಕ  ಲ

  z  x  c  v  b  n  m
  ಞ  ಷ  ಚ  ವ  ಬ  ನ  ಮ
```

ಶಿಫ್ಟ್ ಹಿಡಿದರೆ `l` ಳ ಆಗುತ್ತದೆ, `i` ದೀರ್ಘ ಈ ಆಗುತ್ತದೆ. ಹೀಗೆ ಉಳಿದವೂ. `f` ಮಾತ್ರ ಅಕ್ಷರವಲ್ಲ. ಹಿಂದಿನ ಅಕ್ಷರವನ್ನು ಅರ್ಧ ಮಾಡಿ ಒತ್ತಕ್ಷರ ಹುಟ್ಟಿಸುವ ಕೀ ಅದು. ಅಕ್ಕ ಬೇಕಾದರೆ `akfk` ಒತ್ತಬೇಕು.

ಈ `f` ಕೀಯೇ ನನಗೆ ಮೊದಲ ಬಾಗಿಲು ತೆರೆದದ್ದು. ಅದರ ಸುತ್ತ `d`, `g`, `r`, `t`, `c`, `v` ಇವೆ, ಅಂದರೆ ದ, ಗ, ರ, ತ, ಚ, ವ. `f` ಮೇಲೆ ಬೀಳಬೇಕಾದ ಬೆರಳು ಪಕ್ಕಕ್ಕೆ ಬಿದ್ದರೆ ಒತ್ತಕ್ಷರ ಮಾಯವಾಗುತ್ತದೆ, ಅದರ ಜಾಗದಲ್ಲಿ ಪೂರ್ತಿ ಅಕ್ಷರವೊಂದು ಬಂದು ಕೂರುತ್ತದೆ. ಕಣ್ಣಿಗೆ ಪದ ಉದ್ದವಾಗಿ ಕಾಣುತ್ತದೆ. ಯಾರೋ ಅಕ್ಷರ ಸೇರಿಸಿದ ಹಾಗೆ ಅನಿಸುತ್ತದೆ. ಆದರೆ ಕೀ ಎಣಿಸಿದರೆ ಸಂಖ್ಯೆ ಸರಿಯಾಗೇ ಇರುತ್ತದೆ. "ಪುಸದತಕ" ನೋಡಿ. ಕೀಗಳು `pusdtk`. `d` ಜಾಗಕ್ಕೆ `f` ಹಾಕಿದರೆ ಪುಸ್ತಕ.

ಇದು ಸುಲಭದ್ದು. ಒಂದು ಕಡೆ "ಆ ಹಳದಳಿ ಶಾಲೆ" ಅಂತ ಇತ್ತು. ನಮ್ಮಲ್ಲಿ ಕೆಲಸ ಕಲಿಯುವ ಹುಡುಗ ಅದನ್ನು "ಆ ಹಳದಿ ಶಾಲೆ" ಅಂತ ತಿದ್ದಿದ್ದ. ಶಾಲೆಯ ಗೋಡೆಗೆ ಹಳದಿ ಬಣ್ಣ ಇದ್ದೀತು, ಅಲ್ವಾ? ಓದಲು ಏನೂ ತೊಂದರೆ ಇಲ್ಲ. ಆದರೂ ಕೀಗಳಿಗೆ ಬಿಡಿಸಿ ನೋಡೋಣ ಅಂತ ಅವನನ್ನು ಪಕ್ಕ ಕೂರಿಸಿಕೊಂಡೆ.

ಹಳದಳಿ ಅಂದರೆ `h L d L i`. ಐದು ಕೀ. ನಿಯಮ ಇಷ್ಟೇ: ಒಂದು ಸಲಕ್ಕೆ ಒಂದೇ ಕೀ ಬದಲಿಸಬೇಕು, ಅದೂ ಪಕ್ಕದ ಕೀಗೆ ಮಾತ್ರ. `h` ಸುತ್ತಲಿನದನ್ನು ಹಾಕಿದರೆ ಗಳದಳಿ, ಜಳದಳಿ, ನಳದಳಿ, ಬಳದಳಿ. ಯಾವುದೂ ಪದವಲ್ಲ. ಮೊದಲ `L` ಬದಲು, ಶಿಫ್ಟ್ ಹಿಡಿದೇ, ಪಕ್ಕದ `O` ಹಾಕಿದರೆ ಹೋದಳಿ. ಇದು ಸ್ವಲ್ಪ ಹತ್ತಿರ ಬಂತು. ಕೊನೆಯ `i` ಕೂಡ `u` ಆದರೆ "ಹೋದಳು" ಆಗುತ್ತದೆ. ಆದರೆ ಅದಕ್ಕೆ ಎರಡು ತಪ್ಪು ಬೇಕು, ಮೇಲಾಗಿ "ಆ ಹೋದಳು ಶಾಲೆ" ಅನ್ನುವುದಕ್ಕೆ ಅರ್ಥ ಇಲ್ಲ. ಮುಂದೆ `d`. ಹಳಸಳಿ, ಹಳೆಳಿ, ಹಳರಳಿ, ಹಳಚಳಿ. `f` ಹಾಕಿದ ತಕ್ಷಣ `hLfLi`, ಹಳ್ಳಿ. ಆ ಹಳ್ಳಿ ಶಾಲೆ.

ಹುಡುಗ ಒಪ್ಪಲಿಲ್ಲ. "ಹಳದಿಗೂ ಒಂದೇ ತಪ್ಪು ಸಾರ್, ಒಂದು `L` ಜಾಸ್ತಿ ಬಿದ್ದಿದೆ ಅಷ್ಟೆ" ಅಂದ. ಒಳ್ಳೆಯ ಪ್ರಶ್ನೆ. ಬೇಡದ ಕೀ ಬೀಳುವುದು ಹೇಗೆ ಅಂತ ಯೋಚಿಸಬೇಕು. ಒಂದು ಕೀ ಒತ್ತುವಾಗ ಬೆರಳಿನ ಅಂಚು ಪಕ್ಕದ ಕೀಗೂ ತಾಗಿದರೆ ಎರಡೂ ಬೀಳುತ್ತವೆ. ಇಲ್ಲಿ `d` ಎಡಗೈಯದು, `L` ಬಲಗೈಯದು, ಕೀಲಿಮಣೆಯ ಆ ತುದಿಯಲ್ಲಿದೆ. `i` ಪಕ್ಕದಲ್ಲೂ `L` ಇಲ್ಲ. ಅದರ ಮೇಲೆ ಶಿಫ್ಟ್ ಬೇರೆ ಹಿಡಿದಿರಬೇಕು. ಸುಮ್ನೆ ತಾಗಿ ಬೀಳುವ ಕೀ ಅಲ್ಲ ಅದು. ಬೇಕೆಂದೇ ಒತ್ತಿದ್ದು. ಹಾಗಾಗಿ ಎರಡೂ ಳ ಮೇಷ್ಟ್ರು ಬಯಸಿದವೇ, ತಪ್ಪಿದ್ದು ನಡುವಿನದು. ಈಗ ಅವನಿಗೆ ಒಪ್ಪಿಗೆಯಾಯಿತು.

ಫೈಲಿನಲ್ಲಿ ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಈ ಸಾಲು:

"ಬಾವಿಯಿಂದ ಮೋರಿ ಸೇದೊ ತರಿತ್ತೊದ್ದೆವಿ/"

"ಮೋರಿ" ಕನ್ನಡದಲ್ಲಿ ಇರುವ ಪದವೇ. ಪದ ಪರೀಕ್ಷೆಯ ತಂತ್ರಾಂಶ ಅದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ಬಾವಿಯಿಂದ ಮೋರಿಯನ್ನು ಯಾರೂ ಸೇದುವುದಿಲ್ಲ. ಇರಬೇಕಾದದ್ದು ನೀರು ಅಂತ ಮನಸ್ಸು ಹೇಳುತ್ತದೆ, ಆದರೆ ನೀರಿಗೂ ಮೋರಿಗೂ ಅಕ್ಷರದಲ್ಲಿ ಹೋಲಿಕೆಯೇ ಇಲ್ಲ. ಒಂದೇ ಕೀ ಬದಲಿಸುವ ನಿಯಮ ಇಲ್ಲಿ ನಡೆಯಲಿಲ್ಲ.

ಕೀಗಳನ್ನು ಒಂದರ ಕೆಳಗೆ ಒಂದು ಬರೆದೆ:

```
ನೀರು   n I r u
ಮೋರಿ   m O r i
```

ಬರೆದ ಮೇಲೆ ಕಂಡಿತು. `n` ಬಲಕ್ಕೆ ಒಂದು ಹೆಜ್ಜೆ ಹೋದರೆ `m`. `I` ಬಲಕ್ಕೆ ಹೋದರೆ `O`. `u` ಬಲಕ್ಕೆ ಹೋದರೆ `i`. `r` ಮಾತ್ರ ಕದಲಿಲ್ಲ, ಯಾಕೆಂದರೆ ಅದು ಎಡಗೈಯದು. ಮೇಷ್ಟ್ರ ಬಲಗೈ ಇಡಿಯಾಗಿ ಒಂದು ಕೀ ಬಲಕ್ಕೆ ಸರಿದಿತ್ತು. `j` ಮೇಲೆ ಕೂರಬೇಕಾದ ತೋರುಬೆರಳು `k` ಮೇಲೆ ಕೂತಿತ್ತು.

ಹಾಗಿದ್ದರೆ ಮುಂದಿನ ಪದಗಳೂ ಅದೇ ರೀತಿ ಸರಿದಿರಬೇಕು. ಅದೇ ಪರೀಕ್ಷೆ. ಬಲಗೈಯ ಕೀಗಳನ್ನು ಎಡಕ್ಕೆ ಒಂದೊಂದು ಹೆಜ್ಜೆ ಸರಿಸಿದೆ. ಸೇದೊ ಅಂದರೆ `sEdo`, `o` ಎಡಕ್ಕೆ ಬಂದರೆ `i`, ಸೇದಿ. ಮುಂದಿನ ಪದ:

```
ತರಿತ್ತೊದ್ದೆವಿ   t r i t f t o d f d e v i
ತರುತ್ತಿದ್ದೆವು   t r u t f t i d f d e v u
```

ಕೊನೆಯ ಗೆರೆ `/` ಯಾಕೆ ಬಂತು ಅನ್ನುವುದೂ ಬಗೆಹರಿಯಿತು. ಅದರ ಎಡಕ್ಕೆ ಇರುವುದು ಪೂರ್ಣವಿರಾಮದ ಕೀ. "ಬಾವಿಯಿಂದ ನೀರು ಸೇದಿ ತರುತ್ತಿದ್ದೆವು." ಮೂರು ಪದ, ಒಂದು ಚಿಹ್ನೆ, ಎಲ್ಲಕ್ಕೂ ಒಂದೇ ಕಾರಣ. ಇಷ್ಟು ಹೊಂದಿದಾಗ ಊಹೆ ಅನ್ನುವ ಅಳುಕು ಉಳಿಯುವುದಿಲ್ಲ.

ಮಗಳನ್ನು ಕೇಳಿದೆ, "ಅಪ್ಪ ಕೀಲಿಮಣೆ ನೋಡದೆ ಟೈಪ್ ಮಾಡುತ್ತಿದ್ದರಾ?" ಹೌದಂತೆ. ಚಿಕ್ಕ ವಯಸ್ಸಿನಲ್ಲಿ ಟೈಪಿಂಗ್ ಕಲಿತಿದ್ದರಂತೆ. ಎರಡೇ ಬೆರಳಲ್ಲಿ, ಕೀ ಹುಡುಕಿ ಒತ್ತುವವರಿಗೆ ಈ ತಪ್ಪು ಬರುವುದಿಲ್ಲ. ಹತ್ತು ಬೆರಳಲ್ಲಿ ಕಲಿತವರಿಗೇ ಬರುವುದು, ಅದೂ ಕೈ ಎತ್ತಿ ಮತ್ತೆ ಇಟ್ಟಾಗ. ನೀರು ಕುಡಿದೋ, ಕನ್ನಡಕ ಸರಿಮಾಡಿಕೊಂಡೋ ಕೈ ತಪ್ಪಾಗಿ ಕೂತಿರುತ್ತದೆ. ಪರದೆ ನೋಡುವ ತನಕ ಹಾಗೇ ಮುಂದುವರಿಯುತ್ತದೆ. ಆಮೇಲೆ ಫೈಲಿನಲ್ಲಿ ಇಂಥ ಜಾಗ ಹುಡುಕುವುದು ಸುಲಭವಾಯಿತು. ಬಲಗೈ ಸರಿದರೆ `l` ಜಾಗದಲ್ಲಿ `;` ಬೀಳುತ್ತದೆ, `m` ಜಾಗದಲ್ಲಿ ಅಲ್ಪವಿರಾಮ. ಪದದ ನಡುವೆ ಇರುವ `;` ಹುಡುಕಿದೆ. "ಜಿ;ಒ" ಅಂತ ಒಂದು ಸಿಕ್ಕಿತು. `j i ; o` ಎಲ್ಲವನ್ನೂ ಎಡಕ್ಕೆ ಸರಿಸಿದರೆ `h u l i`, ಹುಲಿ.

ಆದರೆ ಎಲ್ಲ ತಪ್ಪೂ ಬೆರಳಿನದಲ್ಲ. ಅವರು ಒಂದು ಪದದಲ್ಲಿ ಯಾವಾಗಲೂ ಳ ಬದಲು ಲ ಬರೆದಿದ್ದರು. ಶಿಫ್ಟ್ ತಪ್ಪಿದೆ ಅಂತ ಮೊದಲು ತಿದ್ದಿದೆ. ಆಮೇಲೆ ಎಣಿಸಿದರೆ ಆ ಪದ ಬಂದ ಕಡೆಯೆಲ್ಲ ಹಾಗೇ ಇತ್ತು, ಬೇರೆ ಪದಗಳಲ್ಲಿ ಳ ಸರಿಯಾಗಿತ್ತು. ಬೆರಳು ಹೀಗೆ ಒಂದೇ ಪದವನ್ನು ಹುಡುಕಿ ತಪ್ಪುವುದಿಲ್ಲ. ಅದು ಅವರ ಮಾತಿನ ರೂಢಿ. ತಿದ್ದಿದ್ದನ್ನೆಲ್ಲ ವಾಪಸ್ ಹಾಕಿದೆ.

ಅಂಕಿಗಳಲ್ಲಂತೂ ಈ ವಿಧಾನ ಕೈಕೊಡುತ್ತದೆ. 1964 ಜಾಗದಲ್ಲಿ 1965 ಬಿದ್ದರೆ ಪಕ್ಕದ ಕೀ ನಿಜ, ಆದರೆ ಎರಡೂ ವರ್ಷಗಳೇ. ತಪ್ಪು ಅಂತ ಹೇಳುವ ಗುರುತೇ ಇರುವುದಿಲ್ಲ. ಇಸವಿಗಳನ್ನೆಲ್ಲ ಅವರ ಸೇವಾ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿದೆವು.

ಕೊನೆಗೆ ಒಂದು ಪದ ಉಳಿಯಿತು. "ಅಜ್ಕ ಕೊಟ್ಟ ಬುಗುರಿ." ಕೀಗಳು `a j f k`. ಕೊನೆಯ `k` ಪಕ್ಕದ `j` ಆದರೆ ಅಜ್ಜ. ಮೊದಲ `j` ಪಕ್ಕದ `k` ಆದರೆ ಅಕ್ಕ. ಎರಡಕ್ಕೂ ಒಂದೇ ಹೆಜ್ಜೆ, ಒಂದೇ ಬೆರಳ ದೂರ, ಎರಡೂ ವಾಕ್ಯಕ್ಕೆ ಒಪ್ಪುತ್ತವೆ. ಹಿಂದುಮುಂದಿನ ಸಾಲುಗಳಲ್ಲಿ ಬುಗುರಿಯ ಮಾತು ಬಿಟ್ಟು ಬೇರೇನೂ ಇಲ್ಲ. ಮಗಳನ್ನು ಕೇಳಿದೆ. "ಅಪ್ಪನಿಗೆ ಒಡಹುಟ್ಟಿದ ಅಕ್ಕ ಇರಲಿಲ್ಲ" ಅಂದರು. ಸರಿ, ಅಜ್ಜ ಅಂತ ಬರೆಯಲು ಹೊರಟೆ. "ಸ್ವಲ್ಪ ತಡೀರಿ" ಅಂದರು. "ದೊಡ್ಡಪ್ಪನ ಮಗಳು ಒಬ್ಬರಿದ್ದರು. ಅವರನ್ನು ಅಕ್ಕ ಅಂತಲೇ ಕರೀತಿದ್ರು. ಅಪ್ಪನನ್ನು ಎತ್ತಿ ಆಡಿಸಿದವರು."

ಇಬ್ಬರೂ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತೆವು. ಆಮೇಲೆ ಪುಟದಲ್ಲಿ "ಅಜ್ಕ" ಅಂತಲೇ ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ "ಅಜ್ಜ ಅಥವಾ ಅಕ್ಕ" ಅಂತ ಹಾಕಿದೆವು.