ಸಿಕ್ ಲೀವ್ ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ಎಷ್ಟು ಬೇಕು?

ಉಪ್ಪಳದ ನನ್ನ ಚಿಕ್ಕಮ್ಮನ ಮಗಳು ಖಿನ್ನತೆಗೆ ಮಂಗಳೂರಿನಲ್ಲಿ ಮದ್ದು ಮಾಡಿಸಿದಳು. ಡಾಕ್ಟ್ರು ಕೊಟ್ಟ ಸರ್ಟಿಫಿಕೇಟಿನಲ್ಲಿ ಕಾಯಿಲೆ, ಮಾತ್ರೆಗಳ ಹೆಸರು, ಮನೆಯ ಜಗಳ ಎಲ್ಲವೂ ಇತ್ತು. ಕಾಸರಗೋಡಿನ ಅವಳ ಆಫೀಸಿನಲ್ಲಿ ಆ ಕಾಗದ ಮೂರು ಮೇಜು ದಾಟುವಷ್ಟರಲ್ಲಿ ಎಲ್ಲರಿಗೂ ಸಂಗತಿ ಗೊತ್ತಾಗಿತ್ತು. ಅವಳು ಅತ್ತದ್ದು ನನಗೆ ಇನ್ನೂ ನೆನಪಿದೆ.

ಹಾಗಾಗಿ ಡಾಕ್ಟ್ರು ಬರೆಯಲು ಶುರು ಮಾಡುವ ಮೊದಲೇ ಕೇಳಿ: "ಸರ್, ಇದು ಆಫೀಸಿಗೆ ಹೋಗುತ್ತದೆ, ಕಾಯಿಲೆಯ ಹೆಸರು ಬರೆಯದೆ ಕೊಡಬಹುದಾ?" ಖಾಸಗಿ ಕಂಪನಿಗೆ ಹೆಚ್ಚಾಗಿ ಇಷ್ಟು ಸಾಕು:

"ಇವರನ್ನು ಜೂನ್ 5ರಂದು ಪರೀಕ್ಷಿಸಿದ್ದೇನೆ. ನನ್ನ ಚಿಕಿತ್ಸೆಯಲ್ಲಿದ್ದಾರೆ. ಆರೋಗ್ಯದ ಕಾರಣದಿಂದ ಜೂನ್ 5ರಿಂದ 14ರವರೆಗೆ, ಎರಡೂ ದಿನ ಸೇರಿ 10 ದಿನ, ಕೆಲಸ ಮಾಡಲು ಆಗುವುದಿಲ್ಲ."

ಹೆಸರು ಮುಚ್ಚಿಡುವುದು ಬೇರೆ, ಸುಳ್ಳು ಹೆಸರು ಬರೆಯುವುದು ಬೇರೆ. "ಸುಮ್ನೆ ವೈರಲ್ ಜ್ವರ ಅಂತ ಹಾಕಿ" ಎಂದು ಕೇಳಬೇಡಿ. ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕಿದ ಡಾಕ್ಟ್ರ ಹೆಸರು ನೋಂದಣಿ ಪಟ್ಟಿಯಿಂದಲೇ ಹೋಗಬಹುದು.

ತಾರೀಕಿನಲ್ಲೂ ಹೀಗೆಯೇ. ಹುಷಾರು ತಪ್ಪಿದ್ದು 3ಕ್ಕೆ, ಡಾಕ್ಟ್ರನ್ನು ಕಂಡದ್ದು 5ಕ್ಕೆ ಎಂದಿಟ್ಟುಕೊಳ್ಳಿ. ತಾನು ನೋಡದ ಎರಡು ದಿನಕ್ಕೆ ಅವರು ಖಾತ್ರಿ ಕೊಡುವಂತಿಲ್ಲ. "3ರಿಂದ ತೊಂದರೆ ಇತ್ತೆಂದು ರೋಗಿ ಹೇಳಿದ್ದಾರೆ, ನಾನು ಪರೀಕ್ಷಿಸಿದ್ದು 5ರಂದು" ಎಂದು ಬರೆಯಬಹುದು. ಸರ್ಟಿಫಿಕೇಟಿನ ತಾರೀಕನ್ನು ಮಾತ್ರ ಹಿಂದಕ್ಕೆ ಹಾಕಬಾರದು.

ಸರಕಾರಿ ನೌಕರರಿಗೆ ಇದು ಸ್ವಲ್ಪ ಕಷ್ಟ. ವೈದ್ಯರ 2002ರ ನಡತೆ ನಿಯಮಗಳ ಜೊತೆಗಿರುವ ರಜೆಯ ನಮೂನೆಯಲ್ಲೇ ಕಾಯಿಲೆಗೆ ಒಂದು ಜಾಗ ಇದೆ. ಆಗ ಹೆಸರು ಬರೆಸಿ, ಆದರೆ ಮಾತ್ರೆ, ಪರೀಕ್ಷೆಯ ಫಲಿತಾಂಶ, ಮನೆ ವಿಷಯ ಬೇಡ. ಗರ್ಭಪಾತಕ್ಕೆ ಕಾನೂನು ಕೊಡುವ 6 ವಾರದ ಸಂಬಳದ ರಜೆ ಬೇಕಿದ್ದರೂ ಕಾರಣಕ್ಕೆ ದಾಖಲೆ ಕೊಡಲೇಬೇಕು.

ಕಾಗದ ಕೈಗೆ ಬಂದ ಕೂಡಲೇ ಕೆಳಗಡೆ ನೋಡಿ. ಡಾಕ್ಟ್ರ ಸಹಿ, ನೋಂದಣಿ ಸಂಖ್ಯೆ, ನಿಮ್ಮ ಸಹಿ, ವಿಳಾಸ, ಒಂದು ಗುರುತಿನ ಚಿಹ್ನೆ, ಅಂದರೆ ಎಡಗೈಯ ಮಚ್ಚೆಯೋ ಹಣೆಯ ಕಲೆಯೋ, ಇರಬೇಕು. ಕೇರಳದಿಂದ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಮದ್ದು ಮಾಡಿಸುವ ನಾವು, ಡಾಕ್ಟ್ರು ಯಾವ ರಾಜ್ಯದ ವೈದ್ಯಕೀಯ ಕೌನ್ಸಿಲಿನಲ್ಲಿ ನೋಂದಣಿ ಆಗಿದ್ದಾರೆ ಎನ್ನುವುದನ್ನೂ ಬರೆಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಆಫೀಸಿನವರು ಬರೀ ಸಂಖ್ಯೆ ಹಿಡಿದು ಎಲ್ಲಿ ಹುಡುಕುತ್ತಾರೆ, ಅಲ್ವಾ? ಇದರ ಪ್ರತಿ ಡಾಕ್ಟ್ರ ಬಳಿಯೂ ಇರಬೇಕು.

ಮ್ಯಾನೇಜರು ಕ್ಲಿನಿಕ್ಕಿಗೆ ಫೋನ್ ಮಾಡಿ "ಏನಾಗಿದೆ ಅವರಿಗೆ?" ಎಂದು ಕೇಳಿದರೆ, ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟ್ರು ಹೇಳುವಂತಿಲ್ಲ. ಕೋರ್ಟಿನ ಆದೇಶ, ಸರಕಾರಕ್ಕೆ ತಿಳಿಸಲೇಬೇಕಾದ ಸಾಂಕ್ರಾಮಿಕ ರೋಗ, ಇನ್ನೊಬ್ಬರ ಜೀವಕ್ಕೆ ಅಪಾಯದಂಥ ಸಂದರ್ಭಗಳು ಬೇರೆ.

ನನ್ನ ತಂಗಿ ಎರಡನೇ ಸಲ ಹೀಗೇ ಕೇಳಿ ಬರೆಸಿಕೊಂಡಳು. ಕೆಲಸಕ್ಕೆ ಮರಳುವಾಗಿನ ಫಿಟ್ನೆಸ್ ಸರ್ಟಿಫಿಕೇಟಿನಲ್ಲಿ ಇದ್ದದ್ದು ಇಷ್ಟೇ: "15ರಿಂದ ಕೆಲಸ ಮಾಡಬಹುದು. ಒಂದು ತಿಂಗಳು ರಾತ್ರಿ ಪಾಳಿ ಬೇಡ."