ಎರಡು ಲೋಟ ಪಕ್ಕಪಕ್ಕ: ಮನೆಯಲ್ಲೇ ಕಪ್ಪಿಂಗ್ ಮಾಡಿದ ನನ್ನ ಅನುಭವ

ಒಂದೇ ತೋಟದ ಕಾಫಿಯಲ್ಲಿ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೂ ಇಡಿ ಹಣ್ಣಾಗಿಯೇ ಒಣಗಿಸಿದ ಚೆರಿಗೂ ರುಚಿಯಲ್ಲಿರುವ ಅಂತರವನ್ನು ಅಡುಗೆಮನೆಯಲ್ಲಿ ಕುಳಿತು ಹೇಳಲಾಗದು, ಅದಕ್ಕೆ ತರಬೇತಾದ ಟೇಸ್ಟರ್‌ಗಳೇ ಬೇಕು ಎಂದು ನಮ್ಮ ಕಡೆಯ ಬೆಳೆಗಾರ ಮಿತ್ರರು ಹೇಳುತ್ತಿದ್ದರು. ಕಳೆದ ಹಂಗಾಮಿನಲ್ಲಿ ನನ್ನ ಎಸ್. 795 ತಳಿಯ ಹಣ್ಣನ್ನು ಎರಡು ಪಾಲು ಮಾಡಿ, ಒಂದನ್ನು ಪಲ್ಪ್ ಮಾಡಿ ತೊಳೆದು, ಇನ್ನೊಂದನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ, ಎರಡನ್ನೂ ಮನೆಯಲ್ಲೇ ಕಪ್ಪಿಂಗ್ ಮಾಡಿ, ಅಂದರೆ ಲೋಟದಲ್ಲಿ ಪುಡಿಗೆ ಬಿಸಿನೀರು ಹಾಕಿ ಚಮಚದಿಂದ ಹೀರಿ ರುಚಿ ಹೋಲಿಸಿ, ನೋಡಿದೆ. ನಾನು ಬರೆದಿಟ್ಟುಕೊಂಡಿದ್ದಕ್ಕೂ ಬೆಂಗಳೂರಿನ ರೋಸ್ಟರ್ ಒಬ್ಬರು ಆಮೇಲೆ ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಈ ಹಂತ ತಲುಪುವವರೆಗೆ ಹಣವೂ ಕಾಫಿಯೂ ಸಾಕಷ್ಟು ಹಾಳಾಗಿದೆ. ಮೊದಲು ತೊಂದರೆ ಕೊಟ್ಟದ್ದು ನೀರು. ನಮ್ಮ ಬೋರ್‌ವೆಲ್ ನೀರು ಗಡುಸು, ಅದರಲ್ಲಿರುವ ಕ್ಷಾರ ಕಾಫಿಯ ಹುಳಿಯನ್ನು ನುಂಗಿಬಿಡುತ್ತದೆ. ಆದ್ದರಿಂದ ಎರಡೂ ಲೋಟಗಳು ಒಂದೇ ರೀತಿ ಮಂಕಾಗಿ ಕಾಣುತ್ತಿದ್ದವು. ಬರಿಯ ಆರ್‌ಒ ನೀರು ಬಳಸಿದಾಗ ರುಚಿ ಸಪ್ಪೆಯಾಯಿತು. ಈಗ ಎರಡನ್ನೂ ಬೆರೆಸುತ್ತೇನೆ. ಪ್ರಮಾಣವನ್ನು ಹೇಳುವುದಿಲ್ಲ, ಏಕೆಂದರೆ ಅದನ್ನು ಹುಡುಕಲು ನನಗೆ ಒಂದು ಮಳೆಗಾಲವೇ ಹಿಡಿಯಿತು, ಮೇಲಾಗಿ ನಿಮ್ಮ ನೀರೇ ಬೇರೆ. ಮಿಕ್ಸಿಯ ಪುಡಿಯೂ ಕೈಕೊಟ್ಟಿತು. ಅದರಲ್ಲಿ ಹಿಟ್ಟಿನಂಥ ನುಣುಪು ಬಹಳವಿದ್ದು, ತಿಳಿಯಾದ ಕಾಫಿಗೂ ಸುಳ್ಳು ಬಾಡಿ, ಅಂದರೆ ನಾಲಿಗೆಗೆ ಇಲ್ಲದ ಗಟ್ಟಿತನ, ಬರುತ್ತಿತ್ತು. ಕೊನೆಗೆ ಸುಮಾರು ಐದು ಸಾವಿರ ಕೊಟ್ಟು ಕೈಯಿಂದ ತಿರುಗಿಸುವ ಗ್ರೈಂಡರ್ ತೆಗೆದುಕೊಂಡೆ. ಒಂದು ಮಾದರಿಯಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಮಾದರಿಯ ನಾಲ್ಕಾರು ಬೀಜಗಳನ್ನು ಮೊದಲು ಅರೆದು ಚೆಲ್ಲುತ್ತೇನೆ, ಇಲ್ಲವಾದರೆ ಹಿಂದಿನದರ ವಾಸನೆ ಮುಂದಿನದಕ್ಕೆ ಅಂಟುತ್ತದೆ.

ಎರಡನ್ನೂ ಒಂದೇ ಬಣ್ಣಕ್ಕೆ, ಕಪ್ಪಾಗಲು ಬಿಡದೆ, ಹುರಿದು ಒಂದು ರಾತ್ರಿ ಇಡಬೇಕು. ಹುರಿದ ಮೇಲೆ ಬಿಳಿ ತಟ್ಟೆಯಲ್ಲಿ ಹರಡಿದರೆ ಚೆರಿ ಮಾದರಿಯಲ್ಲಿ ಅಲ್ಲೊಂದು ಇಲ್ಲೊಂದು ಪೇಲವ ಬೀಜ ಕಾಣುತ್ತದೆ. ಅವು ಕಾಯಿ ಕೊಯ್ದದ್ದರ ಗುರುತು. ಒಂದನ್ನು ಕಚ್ಚಿ ನೋಡಿ, ಕಾಫಿಯ ಬದಲು ಒಣ ಶೇಂಗಾ ರುಚಿ ಬರುತ್ತದೆ. ಅಂಥ ಒಂದೆರಡು ಬೀಜ ಸೇರಿದರೂ ಲೋಟದ ಸಿಹಿ ಕೆಡುತ್ತದೆ. ಪೇಲವ ಬೀಜ ಆರಿಸಿ ತೆಗೆದ ಲೋಟವನ್ನೂ ತೆಗೆಯದ ಲೋಟವನ್ನೂ ಪಕ್ಕಪಕ್ಕ ಇಟ್ಟು ಕುಡಿದ ಮೇಲೆಯೇ ನನ್ನ ಕೊಯ್ಲಿನವರಿಗೆ ಹಣ್ಣನ್ನಷ್ಟೇ ಕೊಯ್ಯುವುದಕ್ಕೆ ಹೆಚ್ಚುವರಿ ಕೂಲಿ ಕೊಡಲು ಒಪ್ಪಿದ್ದು.

ಲೋಟ ಗಾಜಿನದೋ ಪಿಂಗಾಣಿಯದೋ ಇರಲಿ, ಸ್ಟೀಲ್ ಬೇಡ. 200 ಮಿ.ಲೀ. ನೀರಿಗೆ 11 ಗ್ರಾಂ ಪುಡಿ, ನೀರು ಕುದಿದು ಅರೆನಿಮಿಷ ಕಳೆದಿರಬೇಕು. ನಾಲ್ಕು ನಿಮಿಷಕ್ಕೆ ಮೇಲಿನ ಪದರವನ್ನು ಚಮಚದಿಂದ ಒಡೆದು, ನೊರೆ ತೆಗೆದು, ಹತ್ತು ನಿಮಿಷವಾಗುವವರೆಗೆ ಕಾಯುತ್ತೇನೆ. ನಂತರ ಚಮಚವನ್ನು ಸದ್ದಾಗುವಂತೆ ಎಳೆದು ಹೀರುತ್ತಾ ಒಂದನೆಯದು, ಎರಡನೆಯದು, ಮತ್ತೆ ಒಂದನೆಯದು ಎಂದು ಹಿಂದುಮುಂದು ಹೋಗುತ್ತೇನೆ. ಪ್ರತಿ ಸುತ್ತಿನಲ್ಲಿ ಒಂದೇ ಗುಣಕ್ಕೆ ಗಮನ. ಬಾಡಿಗಾಗಿ ನಾಲಿಗೆಯನ್ನು ಅಂಗುಳಿಗೆ ಉಜ್ಜಿ ನೋಡಬೇಕು, ಹುಳಿಗಾಗಿ ನುಂಗಿದ ಮೇಲೆ ಬಾಯಲ್ಲಿ ನೀರೂರುತ್ತದೆಯೇ ಎಂದು ಗಮನಿಸಬೇಕು.

ಸಿಹಿಯ ವಿಷಯದಲ್ಲಿ ನಾನು ಒಂದು ಅಡ್ಡ ಪ್ರಯೋಗ ಮಾಡಿದೆ. ಒಂದೇ ಪಾರ್ಚ್‌ಮೆಂಟ್ ಕಾಫಿಯನ್ನು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ನಾಲ್ಕು ಚಿಟಿಕೆ ಸಕ್ಕರೆ ಸೇರಿಸಿದೆ. ಅಚ್ಚರಿಯೆಂದರೆ, ಸಕ್ಕರೆಯ ಲೋಟ ಸಿಹಿ ಎನಿಸುವ ಮೊದಲು ಹುಳಿ ಕಡಿಮೆ ಎನಿಸಿತು. ಅಂದರೆ ನಾವು ಹುಳಿ ಕಡಿಮೆ ಎಂದು ಬರೆಯುವ ಎಷ್ಟೋ ಕಾಫಿಗಳಲ್ಲಿ ನಿಜವಾಗಿ ಹೆಚ್ಚಿರುವುದು ಸಿಹಿ. ಎರಡರಲ್ಲಿ ಯಾವುದು ಎಂದು ತಿಳಿಯಲು ಲೋಟ ಉಗುರುಬೆಚ್ಚಗಾಗುವವರೆಗೆ ಕಾಯಬೇಕು. ಬಿಸಿಯಿರುವಾಗ ಮುಚ್ಚಿಕೊಂಡಿರುವ ಹುಳಿ ಆಗ ಬಿಚ್ಚಿಕೊಳ್ಳುತ್ತದೆ, ಸಿಹಿ ಇದ್ದರೆ ಅದಕ್ಕೆ ಜೊತೆಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ಒಗರೊಂದೇ ಉಳಿಯುತ್ತದೆ.

ನನ್ನ ಎರಡು ಮಾದರಿಗಳಲ್ಲಿ ಬಿಸಿಯಿರುವಾಗ ಪಾರ್ಚ್‌ಮೆಂಟೇ ಗೆದ್ದಿತ್ತು. ಅದರ ನಿಂಬೆಯಂಥ ಹುಳಿ ಸ್ಪಷ್ಟವಾಗಿತ್ತು, ಬಾಡಿ ತೆಳು. ಆರಿದ ಮೇಲೆ ಚೆರಿ ಮುಂದಾಯಿತು, ಹುಳಿ ಮೆತ್ತಗೆ, ಬೆಲ್ಲದಂಥ ಸಿಹಿ, ನಾಲಿಗೆಯ ಮೇಲೆ ಭಾರ. ಇದು ಕಲ್ಪನೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ನನ್ನ ಪತ್ನಿ ಮೂರು ಲೋಟ ಇಟ್ಟು, ಎರಡಕ್ಕೆ ಒಂದೇ ಕಾಫಿ, ಒಂದಕ್ಕೆ ಬೇರೆ ಹಾಕಿ, ತಳಕ್ಕೆ ಚೀಟಿ ಅಂಟಿಸಿ ಕೊಟ್ಟರು. ಬೇರೆಯದನ್ನು ಹತ್ತರಲ್ಲಿ ಎಂಟು ಸಲವಾದರೂ ಗುರುತಿಸುತ್ತೇನೆ. ಬರೀ ಊಹೆಯಾಗಿದ್ದರೆ ಮೂರಕ್ಕೊಂದು ಮಾತ್ರ ಸರಿಯಾಗಬೇಕಿತ್ತು.

ಆ ಚೆರಿಯನ್ನು ಬೀಜ ಸಂಸ್ಕರಿಸುವ ಕ್ಯೂರಿಂಗ್ ಕಾರ್ಖಾನೆಯ ಸಾಮಾನ್ಯ ರಾಶಿಗೆ ಸೇರಿಸದೆ ಬೇರೆಯಾಗಿ ಇಟ್ಟೆ. ಕಿಲೋಗೆ ಮೂವತ್ತು ರೂಪಾಯಿಯ ಆಸುಪಾಸು ಹೆಚ್ಚು ಸಿಕ್ಕಿತು, ಅಂದರೆ ಆ ಹೆಚ್ಚುವರಿ ಕೂಲಿಯೂ ಗ್ರೈಂಡರಿನ ಹಣವೂ ಒಂದೇ ಹಂಗಾಮಿನಲ್ಲಿ ವಾಪಸಾದವು. ಆದರೆ ಇಂದಿನ ಲೋಟವನ್ನು ಹೋದ ತಿಂಗಳ ಟಿಪ್ಪಣಿಯೊಂದಿಗೆ ಹೋಲಿಸಲು ಈ ವಿಧಾನ ನಡೆಯುವುದಿಲ್ಲ, ಎರಡೂ ಕಾಫಿ ಒಂದೇ ಹೊತ್ತಿಗೆ ಎದುರಿಗಿರಲೇಬೇಕು. ಅದಕ್ಕೆಂದೇ ಪ್ರತಿ ಲಾಟಿನಿಂದ ಕಾಲು ಕಿಲೋ ಹಸಿ ಬೀಜವನ್ನು ಎತ್ತಿಟ್ಟಿದ್ದೇನೆ, ಬರುವ ಹಂಗಾಮಿನಲ್ಲಿ ಚಂದ್ರಗಿರಿ ತಳಿಯ ಕಾಫಿಯ ಪಕ್ಕದಲ್ಲಿ ಅದನ್ನು ಇಡಬೇಕು.